ಡಬ್ಬಿಯ ಮೇಲಿನ 1200, ಹಿಂಬದಿಯ 100

ರೂಟರ್ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ‘ಎಸಿ1200’ ಎಂದಿದ್ದರೆ, ಮೊಬೈಲಿಗೆ 1200 ಎಂಬಿಪಿಎಸ್ ವೇಗ ಸಿಗುತ್ತದೆ ಎಂದೇ ಕೊಳ್ಳುವವರು ತಿಳಿಯುತ್ತಾರೆ. ಆದರೆ ಅದು ಕೂಡಿಸಿ ಬರೆದ ಅಂಕಿ. 2.4 ಗಿಗಾಹರ್ಟ್ಸ್ ಬ್ಯಾಂಡಿನ ಗರಿಷ್ಠ ವೇಗ 300, 5 ಗಿಗಾಹರ್ಟ್ಸ್‌ನದು 867. ಎರಡೂ ಸೇರಿ 1167; ಅದನ್ನೇ ಮೇಲಕ್ಕೇರಿಸಿ 1200 ಮಾಡಿದ್ದಾರೆ. ಈ ಬಗೆಯ ರೂಟರಿನಿಂದ ಮೊಬೈಲು ಒಂದು ಹೊತ್ತಿಗೆ ಒಂದೇ ಬ್ಯಾಂಡ್ ಹಿಡಿಯುತ್ತದೆ. ಹಾಗಾಗಿ ಈ ಮೊತ್ತ ಯಾವ ಒಂದು ಮೊಬೈಲಿಗೂ ಸಿಗುವುದಿಲ್ಲ.

867 ಕೂಡ ಗಾಳಿಯಲ್ಲಿನ ಒಟ್ಟು ವೇಗ. ದತ್ತಾಂಶ ತಲುಪಿತೆಂಬ ಉತ್ತರಗಳಿಗೆ, ಸರದಿ ಕಾಯುವುದಕ್ಕೆ ಅದರಲ್ಲಿ ಒಂದು ಪಾಲು ಹೋಗುತ್ತದೆ. ರೂಟರಿನ ಹತ್ತಿರವೇ ಕುಳಿತರೂ ಕೈಗೆ ಬರುವುದು ಸುಮಾರು ಅರ್ಧದಿಂದ ಮೂರನೇ ಎರಡು ಭಾಗ. ಗೋಡೆ ಅಡ್ಡ ಬಂದರೆ ಇನ್ನೂ ಕಡಿಮೆ.

ಇಷ್ಟಾದರೂ ಮನೆಯ ಸಾಮಾನ್ಯ ಸಂಪರ್ಕಕ್ಕೆ ಅದು ಸಾಕು. ನಿಜವಾದ ಪೆಟ್ಟು ಬೀಳುವುದು ಹಿಂಬದಿಯ ಪೋರ್ಟಿನಲ್ಲಿ. ಅಗ್ಗದ ಎಷ್ಟೋ ಎಸಿ1200 ರೂಟರುಗಳಿಗೆ 10/100 ಪೋರ್ಟ್ ಮಾತ್ರ ಇರುತ್ತದೆ. ಮನೆಗೆ 200 ಎಂಬಿಪಿಎಸ್ ಫೈಬರ್ ಪ್ಲಾನ್ ಹಾಕಿಸಿದ್ದೀರಿ, ಫೈಬರ್ ಪೆಟ್ಟಿಗೆಯಿಂದ ಬಂದ ಕೇಬಲ್ ಇಂಥ ರೂಟರಿಗೆ ಸೇರಿದೆ ಎಂದುಕೊಳ್ಳಿ. ಆ ಪೋರ್ಟ್ 100ಕ್ಕಿಂತ ಹೆಚ್ಚು ಒಳಗೆ ಬಿಡುವುದಿಲ್ಲ. ಅದರಲ್ಲೂ ಪ್ಯಾಕೆಟ್ಟುಗಳ ವಿಳಾಸ ಇತ್ಯಾದಿಗೆ ಒಂದಿಷ್ಟು ಹೋಗಿ 94ರ ಆಸುಪಾಸು ಉಳಿಯುತ್ತದೆ. ಪ್ರತಿ ತಿಂಗಳು 200ಕ್ಕೆ ಹಣ ಕಟ್ಟಿ ಅರ್ಧವನ್ನೂ ಪಡೆಯದ ಮನೆಗಳು ಇರುವುದು ಹೀಗೆ. ಡಬ್ಬಿಯ ಮುಂಭಾಗದಲ್ಲಿ ಇದರ ಸುಳಿವೇ ಇರುವುದಿಲ್ಲ ಎಂಬುದು ನನಗೆ ಅನ್ಯಾಯವೆಂದೇ ಕಾಣುತ್ತದೆ.

ಪತ್ತೆ ಹಚ್ಚುವುದು ಕಷ್ಟವಲ್ಲ. ವೈಫೈ ವೇಗ ಜಾಗದಿಂದ ಜಾಗಕ್ಕೆ ಏರಿಳಿಯುತ್ತದೆ. ಎಲ್ಲಿ ಕುಳಿತು ಪರೀಕ್ಷಿಸಿದರೂ 93, 94ಕ್ಕೇ ಬಂದು ನಿಂತರೆ ಅಡ್ಡಿ ಇರುವುದು ತಂತಿಯ ದಾರಿಯಲ್ಲಿ. ಆದರೆ ಪೋರ್ಟನ್ನು ದೂರುವ ಮೊದಲು ಕೇಬಲ್ ಬದಲಿಸಿ ನೋಡಿ. 100ಕ್ಕೆ ನಾಲ್ಕು ಎಳೆ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಒಂದು ಎಳೆ ತುಂಡಾಗಿದ್ದರೂ ಒಳ್ಳೆಯ ಗಿಗಾಬಿಟ್ ಪೋರ್ಟ್ 100ಕ್ಕೆ ಇಳಿಯಬಹುದು.

ದುಬಾರಿ ಡಬ್ಬಿಗಳಲ್ಲೂ ಕೂಡಿಸುವ ಲೆಕ್ಕವೇ. ‘ಎಎಕ್ಸ್3000’ ಎಂದರೆ 574 ಮತ್ತು 2402. ಈ 2402 ಬರಬೇಕಾದರೆ 160 ಮೆಗಾಹರ್ಟ್ಸ್ ಅಗಲದ ಚಾನೆಲ್ ಬೇಕು, ಅದನ್ನು ನಿಮ್ಮ ಮೊಬೈಲೂ ಬಲ್ಲದಾಗಿರಬೇಕು. 80 ಮೆಗಾಹರ್ಟ್ಸ್‌ವರೆಗೆ ಮಾತ್ರ ಹೋಗುವ, ಎರಡು ಆಂಟೆನಾಗಳ ಮೊಬೈಲು 1201ರಲ್ಲೇ ನಿಲ್ಲುತ್ತದೆ. ‘ಎಎಕ್ಸ್1800’ ರೂಟರ್ ಕೂಡ ಅದಕ್ಕೆ ಅಷ್ಟೇ ಕೊಡುತ್ತದೆ. ಹಾಗಾಗಿ ಅಂಗಡಿಯಲ್ಲಿ ಮೊದಲು ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದಿ: ಪೋರ್ಟ್ 10/100/1000 ಇದೆಯೇ, 5 ಗಿಗಾಹರ್ಟ್ಸ್‌ನ ಅಂಕಿಯೊಂದೇ ಎಷ್ಟು, ಚಾನೆಲ್ ಅಗಲ ಎಷ್ಟು. ಹೊರಗೆ ನಿಂತಿರುವ ಕಡ್ಡಿಗಳ ಎಣಿಕೆಯನ್ನು ನಂಬಬೇಡಿ. ನಾಲ್ಕು ಕಡ್ಡಿಯಿದ್ದರೂ ಬ್ಯಾಂಡಿಗೆ ಎರಡರಂತೆ ಹಂಚಿರುವುದೇ ಹೆಚ್ಚು.