ಮೊದಲು ನೂರು ಮಂದಿಯನ್ನು ಕೇಳಿ ನೋಡಿ

1999ರಲ್ಲಿ ಬ್ರಿಟನ್ನಿನ ಸಂಶೋಧಕರ ತಂಡವೊಂದು ಕಷ್ಟದ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. ಪ್ರಾಸ್ಟೇಟ್ ಗ್ರಂಥಿಯಿಂದಾಚೆಗೆ ಇನ್ನೂ ಹರಡದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಒಳ್ಳೆಯದೋ, ವಿಕಿರಣ ಚಿಕಿತ್ಸೆಯೋ, ಇಲ್ಲಾ ಸದ್ಯಕ್ಕೆ ಎರಡೂ ಬೇಡವೆಂದು ಆಗಾಗ ರಕ್ತಪರೀಕ್ಷೆ ಮಾಡಿಸುತ್ತ ನಿಗಾ ಇಡುವುದೋ? ಉತ್ತರ ಸಿಗಬೇಕಾದರೆ ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪುಗಳಿಗೆ ಹಂಚಿ, ಹತ್ತು ವರ್ಷವಾದರೂ ಗಮನಿಸಬೇಕು. ಕ್ಯಾನ್ಸರ್ ಇದೆ ಎಂದು ಈಗಷ್ಟೇ ತಿಳಿದವನು ತನ್ನ ಚಿಕಿತ್ಸೆಯನ್ನು ಚೀಟಿಗೆ ಬಿಟ್ಟುಕೊಡುತ್ತಾನೆಯೇ?

ಅನುಮಾನ ಇದ್ದದ್ದರಿಂದಲೇ ‘ಪ್ರೊಟೆಕ್ಟ್’ ಎಂಬ ಈ ಅಧ್ಯಯನ ನೇರವಾಗಿ ದೊಡ್ಡದಾಗಿ ಶುರುವಾಗಲಿಲ್ಲ. ಮೊದಲು ಬ್ರಿಸ್ಟಲ್, ಶೆಫೀಲ್ಡ್, ನ್ಯೂಕ್ಯಾಸಲ್‌ಗಳಲ್ಲಿ ಪೈಲಟ್ ಅಧ್ಯಯನ ನಡೆಯಿತು. ಯಾವ ಚಿಕಿತ್ಸೆ ಗೆಲ್ಲುತ್ತದೆ ಎಂದು ಅಲ್ಲಿ ಯಾರೂ ನೋಡಲಿಲ್ಲ. ಜನ ಒಪ್ಪುತ್ತಾರೆಯೇ, ಒಪ್ಪದಿದ್ದರೆ ಏಕೆ ಎಂಬುದಷ್ಟೇ ಅಲ್ಲಿನ ಪ್ರಶ್ನೆ.

2000ದ ಮೇ ಹೊತ್ತಿಗೆ ನೂರರಲ್ಲಿ ಮೂವತ್ತರಿಂದ ನಲವತ್ತು ಮಂದಿ ಮಾತ್ರ ಒಪ್ಪುತ್ತಿದ್ದರು. ಬೇರೆ ತಂಡವಾಗಿದ್ದರೆ ರೋಗಿಗಳನ್ನೇ ದೂರಿ ಸುಮ್ಮನಾಗುತ್ತಿತ್ತೇನೋ. ಸಮಾಜವಿಜ್ಞಾನಿ ಜೆನ್ನಿ ಡೊನೊವನ್ ಮತ್ತು ಸಂಗಡಿಗರು ರೋಗಿಯ ಜತೆ ಆಸ್ಪತ್ರೆಯವರು ಆಡಿದ ಮಾತುಗಳ ಧ್ವನಿಮುದ್ರಣವನ್ನು ಕೂತು ಕೇಳಿದರು. ತೊಡಕು ಇದ್ದದ್ದು ಹೇಳುವವರ ಕಡೆ. ಶಸ್ತ್ರಚಿಕಿತ್ಸೆ, ವಿಕಿರಣಗಳನ್ನು ಮೊದಲು ವಿವರವಾಗಿ ಹೇಳಿ, ನಿಗಾ ಇಡುವುದನ್ನು ಕೊನೆಯಲ್ಲಿ ಚುಟುಕಾಗಿ ಮುಗಿಸುತ್ತಿದ್ದರು. ಅದಕ್ಕಿಟ್ಟಿದ್ದ ಹೆಸರಿನ ಅರ್ಥ ‘ಗಮನಿಸುತ್ತ ಕಾಯುವುದು’. ರೋಗಿಗಳ ಕಿವಿಗೆ ಅದು ‘ನೀನು ಸಾಯುವವರೆಗೆ ನೋಡುತ್ತಿರುತ್ತೇವೆ’ ಎಂಬಂತೆ ಕೇಳಿಸುತ್ತಿತ್ತು! ಮೂರರಲ್ಲಿ ಯಾವುದು ಮೇಲೆಂದು ವೈದ್ಯಲೋಕಕ್ಕೇ ಇನ್ನೂ ತಿಳಿದಿಲ್ಲ ಎಂಬ ಮಾತೂ ಸ್ಪಷ್ಟವಾಗಿ ಬಾಯಿಗೆ ಬರುತ್ತಿರಲಿಲ್ಲ.

ತಂಡ ಹೆಸರನ್ನು ‘ಸಕ್ರಿಯ ನಿಗಾ’ ಎಂದು ಬದಲಿಸಿತು. ಅದರಲ್ಲಿ ನಿಯಮಿತವಾಗಿ ಪರೀಕ್ಷೆಗಳಿರುತ್ತವೆ, ರೋಗ ಮುಂದುವರಿದರೆ ಚಿಕಿತ್ಸೆಗೆ ಹೊರಳಬಹುದು ಎಂಬುದನ್ನು ಬಿಡಿಸಿ ಹೇಳತೊಡಗಿತು. ಹೇಳುವ ಕ್ರಮವೂ ಬದಲಾಯಿತು. 2001ರ ಮೇ ಹೊತ್ತಿಗೆ ಒಪ್ಪುವವರ ಪ್ರಮಾಣ ನೂರಕ್ಕೆ ಎಪ್ಪತ್ತಕ್ಕೆ ಏರಿತ್ತು.

ಇನ್ನೊಂದನ್ನೂ ಅಲ್ಲೇ ಪರೀಕ್ಷಿಸಿದರು. ರೋಗಿಯೊಂದಿಗೆ ಮಾತಾಡಿ ಒಪ್ಪಿಗೆ ಪಡೆಯಲು ತಜ್ಞವೈದ್ಯರೇ ಬೇಕೆ, ನರ್ಸ್‌ಗಳು ಸಾಕೆ? ವೈದ್ಯರ ಬಳಿ ನೂರಕ್ಕೆ 71, ನರ್ಸ್‌ಗಳ ಬಳಿ 67 ಮಂದಿ ಒಪ್ಪಿದರು. ಹೇಳಿಕೊಳ್ಳುವ ವ್ಯತ್ಯಾಸವಲ್ಲ, ನರ್ಸ್‌ಗಳ ಖರ್ಚೂ ಕಡಿಮೆ.

ಮುಖ್ಯ ಅಧ್ಯಯನಕ್ಕೆ ಇದರಿಂದಾದ ಲಾಭವನ್ನು ಲೆಕ್ಕ ಹಾಕಿ ನೋಡಬಹುದು. 2009ರವರೆಗೆ ಅರ್ಹರೆಂದು ಸಿಕ್ಕವರು 2,664 ಮಂದಿ. ಚೀಟಿಗೆ ಒಪ್ಪಿದವರು 1,643, ಅಂದರೆ ನೂರಕ್ಕೆ ಸುಮಾರು 62. ಹಳೆಯ 35ರ ಆಸುಪಾಸಿನಲ್ಲೇ ನಿಂತಿದ್ದರೆ ಸಿಗುತ್ತಿದ್ದವರು 930 ಮಂದಿ. ಮೂರು ಗುಂಪಿಗೆ ಹಂಚಿದ ಮೇಲೆ ಸಾವಿನಂಥ ಅಪರೂಪದ ಫಲಿತಾಂಶವನ್ನು ಹೋಲಿಸಲು ಅದು ತೀರ ಕಡಿಮೆ.

ಆಸ್ಪತ್ರೆಯಾಚೆಯೂ ಪೈಲಟ್ ಹುಡುಕುವುದು ಇಂಥವನ್ನೇ. ಮೆಕ್ಕೆಜೋಳ ಬೆಳೆಯುವವನನ್ನು ‘ತಿಂಗಳ ಆದಾಯ ಎಷ್ಟು?’ ಎಂದು ಕೇಳಿದರೆ ಪ್ರಶ್ನಾವಳಿಯ ಆ ಜಾಗ ಖಾಲಿ ಉಳಿಯುತ್ತದೆ, ಇಲ್ಲವೇ ಬಾಯಿಗೆ ಬಂದ ಅಂಕಿ ತುಂಬುತ್ತದೆ. ಅವನ ದುಡ್ಡು ಬರುವುದು ಫಸಲು ಮಾರಿದಾಗ. ಇಪ್ಪತ್ತು ಮನೆ ಸುತ್ತಿದರೆ ಇದು ತಿಳಿಯುತ್ತದೆ. ಪ್ರಶ್ನೆ ತಿದ್ದಿ, ಒಂದು ಮನೆಗೆ ಹಿಡಿಯುವ ಸಮಯ ಗುರುತು ಹಾಕಿಕೊಂಡರೆ ಎರಡು ಸಾವಿರ ಮನೆಗೆ ಎಷ್ಟು ಜನ ಬೇಕೆಂಬುದೂ ಗೊತ್ತಾಗುತ್ತದೆ.

ಪೈಲಟ್‌ನಿಂದ ಕೇಳಬಾರದ್ದು ಒಂದಿದೆ: ಔಷಧಿ ಕೆಲಸ ಮಾಡುತ್ತದೆಯೇ ಎಂಬ ಪ್ರಶ್ನೆ. ನಮ್ಮ ಎಷ್ಟೋ ಪ್ರಬಂಧಗಳು ಎಡವುವುದು ಇಲ್ಲೇ. ಗುಂಪಿಗೆ ಹದಿನೈದು ಮಂದಿ ಇದ್ದರೆ ಇಬ್ಬರ ಅದೃಷ್ಟವೇ ಫಲಿತಾಂಶವನ್ನು ತಿರುಗಿಸಬಲ್ಲದು. ಆ ವ್ಯತ್ಯಾಸವನ್ನೇ ನಂಬಿ ಮುಖ್ಯ ಅಧ್ಯಯನದ ಗಾತ್ರ ನಿಗದಿಪಡಿಸಿದರೆ ಅದು ಬೇಕಾದ್ದಕ್ಕಿಂತ ಚಿಕ್ಕದಾಗುವ ಸಂಭವ ಹೆಚ್ಚು. ನೂರು ಮಂದಿಯಲ್ಲಿ ಮೂವತ್ತು ಜನ ಒಪ್ಪಿದರೂ ನಿಜವಾದ ಪ್ರಮಾಣ ಇಪ್ಪತ್ತೊಂದರಿಂದ ನಲವತ್ತರವರೆಗೆ ಎಲ್ಲಿಯಾದರೂ ಇರಬಹುದು. ಆದ್ದರಿಂದ ಎಷ್ಟು ಬಂದರೆ ಮುಂದುವರಿಯುವುದು, ಎಷ್ಟಕ್ಕೆ ತಿದ್ದುವುದು, ಎಷ್ಟಕ್ಕಿಳಿದರೆ ಕೈಬಿಡುವುದು ಎಂದು ಅಂಕಿ ನೋಡುವ ಮೊದಲೇ ಬರೆದಿಡುವುದು ವಾಡಿಕೆ. ಚಿಕಿತ್ಸೆಯನ್ನೋ ಅಳತೆಯನ್ನೋ ಬದಲಿಸಿದ್ದರೆ ಪೈಲಟ್‌ನ ಅಂಕಿಗಳನ್ನು ಮುಖ್ಯ ಅಂಕಿಗಳ ಜತೆ ಸೇರಿಸುವಂತಿಲ್ಲ.

ಪ್ರೊಟೆಕ್ಟ್‌ನ ಹತ್ತು ವರ್ಷಗಳ ಫಲಿತಾಂಶ 2016ರಲ್ಲಿ ಬಂತು. ಮೂರೂ ಗುಂಪುಗಳಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನಿಂದ ಸತ್ತವರು ನೂರಕ್ಕೆ ಒಬ್ಬರ ಆಸುಪಾಸು. ನಿಗಾ ಗುಂಪಿನಲ್ಲಿ ರೋಗ ಹರಡಿದ ಪ್ರಕರಣಗಳು ಹೆಚ್ಚಿದ್ದವು, ಸಾವುಗಳಲ್ಲಿ ಮಾತ್ರ ಗಣನೀಯ ವ್ಯತ್ಯಾಸ ಕಾಣಲಿಲ್ಲ.