ಹಸು ಕಟ್ಟು, ಗೌರೀನ ಕಟ್ಟು

‘ಬಾಡಿಗೆಗೆ ಒಂದು ಮನೆ ಹುಡುಕ್ತಿದೀನಿ’ ಅನ್ನುತ್ತೇವೆ. ‘ಕೆಲಸಕ್ಕೆ ಒಬ್ಬ ಹುಡುಗನ್ನ ಹುಡುಕ್ತಿದೀನಿ’ ಅಂತಲೂ ಅನ್ನುತ್ತೇವೆ. ಎರಡರಲ್ಲೂ ಹುಡುಕಾಟ ಒಂದೇ, ಕ್ರಿಯಾಪದವೂ ಒಂದೇ. ಆದರೆ ಮನೆಗೆ ದ್ವಿತೀಯಾ ವಿಭಕ್ತಿಯ ಗುರುತಿಲ್ಲ, ಹುಡುಗನಿಗೆ ಇದೆ. ‘ಒಬ್ಬ ಹುಡುಗ ಹುಡುಕ್ತಿದೀನಿ’ ಎಂದರೆ ಕೇಳಿದವರು ಹುಬ್ಬು ಗಂಟಿಕ್ಕುತ್ತಾರೆ. ಶಾಲೆಯಲ್ಲಿ ನಾವು ಕಲಿತದ್ದು ಕರ್ಮಪದಕ್ಕೆ ‘ಅನ್ನು’ ಹತ್ತುತ್ತದೆ ಎಂದು. ಯಾವ ಕರ್ಮಪದಕ್ಕೆ ಹತ್ತಲೇಬೇಕು, ಯಾವುದಕ್ಕೆ ಬಿಟ್ಟರೂ ನಡೆಯುತ್ತದೆ ಎಂಬುದನ್ನು ಯಾರೂ ಹೇಳಿಕೊಡಲಿಲ್ಲ. ಆದರೂ ಅದರಲ್ಲಿ ನಾವು ತಪ್ಪುವುದಿಲ್ಲ.

ಕೆಲವು ಕರ್ಮಪದಗಳಿಗೆ ಮಾತ್ರ ಗುರುತು ಹಾಕುವ ಈ ಪದ್ಧತಿಗೆ ಭಾಷಾವಿಜ್ಞಾನಿ ಗೇಯೊರ್ಗ್ ಬೊಸೊಂಗ್ 1980ರ ದಶಕದಲ್ಲಿ ‘ಡಿಫರೆನ್ಷಿಯಲ್ ಆಬ್ಜೆಕ್ಟ್ ಮಾರ್ಕಿಂಗ್’ ಎಂದು ಹೆಸರಿಟ್ಟರು. ಕನ್ನಡದಲ್ಲಿ ಇದನ್ನು ಕರ್ಮಭೇದ ಎಂದು ಕರೆಯೋಣ. ಸ್ಪ್ಯಾನಿಷ್, ಹಿಂದಿ, ತುರ್ಕಿ ಭಾಷೆಗಳಲ್ಲೂ ಇದು ಉಂಟು. ನಮ್ಮ ದ್ರಾವಿಡ ಭಾಷೆಗಳಲ್ಲಿ ಇದರ ಗೆರೆ ಒಂದೊಂದು ಭಾಷೆಯಲ್ಲಿ ಒಂದೊಂದು ಕಡೆ ಬಿದ್ದಿದೆ.

ಈ ಗೆರೆಯನ್ನು ಎಳೆಯುವುದು ಲಿಂಗವೋ ಜೀವವೋ ಎಂಬುದು ಮೊದಲ ಪ್ರಶ್ನೆ. ಕನ್ನಡದಲ್ಲಿ ಮಗು ಮತ್ತು ಕುರ್ಚಿ ಎರಡೂ ನಪುಂಸಕಲಿಂಗ: ‘ಮಗು ಬಿತ್ತು’, ‘ಕುರ್ಚಿ ಬಿತ್ತು’. ಈಗ ‘ಆ ಕುರ್ಚಿ ತಳ್ಳಬೇಡ’ ಎಂದು ಹೇಳಿ ನೋಡಿ. ಸಲೀಸಾಗಿ ಬಂತು. ‘ಆ ಮಗು ತಳ್ಳಬೇಡ’ ಎಂದರೆ ನಾಲಿಗೆ ತಡೆಯುತ್ತದೆ, ‘ಆ ಮಗೂನ ತಳ್ಳಬೇಡ’ ಎಂದೇ ಆಗಬೇಕು. ಲಿಂಗ ಒಂದೇ, ಕ್ರಿಯಾಪದ ಒಂದೇ, ‘ಆ’ ಎಂಬ ನಿರ್ದೇಶವೂ ಒಂದೇ. ಬದಲಾದದ್ದು ಜೀವ ಮಾತ್ರ. ಹಾಗಾಗಿ ಇಲ್ಲಿ ಲಿಂಗಕ್ಕೆ ಕೆಲಸವಿಲ್ಲ. ಇದೇ ಜೋಡಿ ಇನ್ನೊಂದನ್ನೂ ಹೇಳುತ್ತದೆ. ‘ಆ ಕುರ್ಚಿ’ ಎಂದಾಗ ಯಾವ ಕುರ್ಚಿ ಎಂದು ಇಬ್ಬರಿಗೂ ಗೊತ್ತು, ಆದರೂ ಗುರುತು ಬೇಕಾಗಲಿಲ್ಲ. ತಮಿಳಿನಲ್ಲಿ ಹೀಗಲ್ಲ. ‘ಪುಸ್ತಗಂ ವಾಂಗಿನೇನ್’ ಎಂದು ಯಾವುದೋ ಪುಸ್ತಕ ಕೊಂಡದ್ದನ್ನು ಬರಿದಾಗಿ ಹೇಳಬಹುದು. ಆದರೆ ‘ಅಂದ’ ಎಂದು ಬೊಟ್ಟು ಮಾಡಿದ ಮೇಲೆ ‘ಪುಸ್ತಗತ್ತೈ’ ಎಂದೇ ಆಗಬೇಕು. ಮಲಯಾಳ ಈ ವಿಷಯದಲ್ಲಿ ನಮ್ಮ ಕಡೆಗೆ ವಾಲುತ್ತದೆ. ಅಲ್ಲಿ ‘ಆ ಪುಸ್ತಕಂ ವಾಯಿಚ್ಚು’ ಸರಿ, ಮಗುವಾದರೆ ‘ಆ ಕುಟ್ಟಿಯೆ’.

ಇಷ್ಟು ಗೊತ್ತಾದ ಮೇಲೆ ನಿಜವಾದ ಕಗ್ಗಂಟು ಬರುತ್ತದೆ. ‘ಅನ್ನು’ ಪ್ರತ್ಯಯಕ್ಕೆ ತನ್ನದೇ ಒಂದು ಅರ್ಥವಿದೆಯೇ, ಅಥವಾ ಅದು ವಾಕ್ಯದ ಕಟ್ಟಡಕ್ಕೆ ಬೇಕಾದ ಬರೀ ಒಂದು ಮೊಳೆಯೇ?

ಅರ್ಥವಿದೆ ಎನ್ನುವವರು ತೋರಿಸುವ ಸಾಕ್ಷಿ ಹೀಗಿದೆ. ‘ಒಂದು ಮನೆ ಹುಡುಕ್ತಿದೀನಿ’ ಎಂದರೆ ಯಾವುದಾದರೂ ಆದೀತು, ಎರಡು ಕೋಣೆ ಇದ್ದರೆ ಸಾಕು. ‘ಒಂದು ಮನೇನ ಹುಡುಕ್ತಿದೀನಿ’ ಎಂದಾಗ ಕೈಯಲ್ಲಿ ವಿಳಾಸದ ಚೀಟಿ ಹಿಡಿದು ಬೀದಿ ಬೀದಿ ಅಲೆಯುತ್ತಿರುವವನೂ ಕಣ್ಣಿಗೆ ಬರುತ್ತಾನೆ. ಅಂದರೆ ಗುರುತು ಹತ್ತಿದಾಗ ‘ಇಂಥದ್ದೇ ಒಂದು’ ಎಂಬ ಅರ್ಥಕ್ಕೆ ದಾರಿ ತೆರೆಯುತ್ತದೆ. ಇಲ್ಲಿಗೇ ನಿಲ್ಲಿಸಿದರೆ ‘ಅನ್ನು ಎಂದರೆ ನಿರ್ದಿಷ್ಟ’ ಎಂದು ಸೂತ್ರ ಬರೆದುಬಿಡಬಹುದು. ಹಾಗೆ ಬರೆದರೆ ತಪ್ಪಾಗುತ್ತದೆ, ಏಕೆಂದರೆ ಪರೀಕ್ಷೆ ಅರ್ಧವಷ್ಟೇ ಮುಗಿದಿದೆ.

ಇದೇ ವಾಕ್ಯದಲ್ಲಿ ಮನೆಯ ಬದಲು ಹುಡುಗನನ್ನು ತನ್ನಿ. ‘ಅಂಗಡಿ ಕೆಲಸಕ್ಕೆ ಒಬ್ಬ ಹುಡುಗನ್ನ ಹುಡುಕ್ತಿದೀನಿ, ಯಾರಾದರೂ ಇದ್ದರೆ ಹೇಳಿ.’ ಮಾಲೀಕನ ಮನಸ್ಸಿನಲ್ಲಿ ಯಾವ ಹುಡುಗನೂ ಇಲ್ಲ. ಅಂಥ ಹುಡುಗ ಊರಿನಲ್ಲಿ ಇಲ್ಲದೆಯೂ ಇರಬಹುದು. ಆದರೂ ಗುರುತು ಇದೆ, ವಾಕ್ಯದಲ್ಲಿ ಒಂದು ಚೂರೂ ಕೊಂಕಿಲ್ಲ. ‘ಅನ್ನು’ ಎಂಬುದರ ಅರ್ಥವೇ ‘ನಿರ್ದಿಷ್ಟ’ ಆಗಿದ್ದರೆ ಈ ಮಾತು ಹುಟ್ಟಲೇ ಆಗುತ್ತಿರಲಿಲ್ಲ. ಕನ್ನಡದ ದ್ವಿತೀಯೆಯನ್ನೇ ವಿಷಯವಾಗಿಟ್ಟುಕೊಂಡು ಜೆಫ್ರಿ ಲಿಡ್ಜ್ ಅಮೆರಿಕದ ‘ಲ್ಯಾಂಗ್ವೇಜ್’ ಪತ್ರಿಕೆಯಲ್ಲಿ 2006ರಲ್ಲಿ ದೀರ್ಘ ಪ್ರಬಂಧವೊಂದನ್ನು ಪ್ರಕಟಿಸಿದರು. ನಿರ್ದಿಷ್ಟತೆಗೂ ಈ ಪ್ರತ್ಯಯಕ್ಕೂ ಇರುವ ನಂಟು ನಾವಂದುಕೊಂಡಷ್ಟು ನೇರವಲ್ಲ ಎಂಬುದೇ ಅದರ ತಿರುಳು. ನನಗೆ ಇದು ಹೀಗೆ ಅರ್ಥವಾಗಿದೆ: ಹಾಕುವುದೂ ಬಿಡುವುದೂ ನಮ್ಮ ಕೈಯಲ್ಲಿದ್ದಾಗ ಹಾಕಿದ್ದಕ್ಕೆ ಕೇಳುವವರು ಒಂದು ಕಾರಣ ಹುಡುಕುತ್ತಾರೆ. ಹಾಕಲೇಬೇಕಾದಾಗ ಆ ಕಾರಣ ಹುಡುಕುವ ಗೋಜಿಗೇ ಹೋಗುವುದಿಲ್ಲ.

ಕಟ್ಟಡದ ಪಾಲನ್ನು ತೋರಿಸುವ ಉದಾಹರಣೆ ಅಡುಗೆಮನೆಯಲ್ಲೇ ಸಿಗುತ್ತದೆ. ‘ಅಕ್ಕಿ ತೊಳೆದಳು’, ‘ಅಕ್ಕಿ ನೆನೆಹಾಕಿದಳು’. ಅಕ್ಕಿಗೆ ಜೀವವಿಲ್ಲ, ಗುರುತಿಲ್ಲದೆ ಹಾಯಾಗಿದೆ. ಈಗ ಒಂದನ್ನು ಇನ್ನೊಂದಾಗಿ ಮಾರ್ಪಡಿಸುವ ವಾಕ್ಯ ಕಟ್ಟಿ: ‘ಅಕ್ಕಿಯನ್ನು ಹಿಟ್ಟು ಮಾಡಿದಳು.’ ಗುರುತು ತೆಗೆದರೆ ಅದು ‘ಅಕ್ಕಿಹಿಟ್ಟು ಮಾಡಿದಳು’ ಆಗಿ, ಎರಡು ಪದ ಸೇರಿ ಒಂದು ಪದವಾಗಿಬಿಡುತ್ತದೆ. ಸಮಾಸವಾಗುವುದಕ್ಕೇ ಹೀಗಾಯಿತು ಎಂಬ ಅನುಮಾನ ಬರಬಹುದು, ಅದಕ್ಕೆ ಸಮಾಸವಾಗದ ಜೋಡಿಯನ್ನು ನೋಡಿ. ‘ಸೀರೆಯನ್ನು ಪರದೆ ಮಾಡಿದಳು’ ಸರಿ, ‘ಸೀರೆ ಪರದೆ ಮಾಡಿದಳು’ ನಿಲ್ಲುವುದಿಲ್ಲ. ಅಕ್ಕಿಯೂ ಸೀರೆಯೂ ಇಲ್ಲಿ ಹೊಸದಾಗಿ ಜೀವ ಪಡೆಯಲಿಲ್ಲ, ಹೆಚ್ಚು ನಿರ್ದಿಷ್ಟವೂ ಆಗಲಿಲ್ಲ. ಬದಲಾದದ್ದು ವಾಕ್ಯದಲ್ಲಿ ಅವು ಕೂತ ಜಾಗ. ನಾಮಪದವನ್ನೂ ಅರ್ಥವನ್ನೂ ಹಾಗೇ ಇಟ್ಟು ರಚನೆಯೊಂದನ್ನೇ ಬದಲಿಸಿದಾಗ ಗುರುತು ಕಡ್ಡಾಯವಾದರೆ ಅಲ್ಲಿ ಕೆಲಸ ಮಾಡುತ್ತಿರುವುದು ವಾಕ್ಯರಚನೆ.

ಮಲಯಾಳದಲ್ಲಿ ಗುರುತು ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ಆರ್. ಇ. ಆಶರ್ ಮತ್ತು ಟಿ. ಸಿ. ಕುಮಾರಿ 1997ರಲ್ಲಿ ಹೊರತಂದ ಮಲಯಾಳ ವ್ಯಾಕರಣದಲ್ಲಿ ಹಡಗು ಅಲೆಗಳನ್ನು ಸೀಳಿದ ವಾಕ್ಯವೊಂದಿದೆ. ಅಲೆಗೆ ಜೀವವಿಲ್ಲ, ಮಲಯಾಳದ ಸಾಮಾನ್ಯ ನಡೆಯಂತೆ ಬರಿದಾಗಿರಬೇಕಿತ್ತು. ಆದರೆ ಹಡಗಿಗೂ ಜೀವವಿಲ್ಲ. ಯಾವುದು ಯಾವುದನ್ನು ಸೀಳಿತು ಎಂದು ತಿಳಿಯಬೇಕಾದರೆ ‘ತಿರಮಾಲಗಳೆ’ ಎಂದು ಗುರುತು ಹಾಕಬೇಕಾಗುತ್ತದೆ.

ಇಂಥ ಪರೀಕ್ಷೆಗಳಲ್ಲಿ ಎಡವುವುದು ಸುಲಭ. ಬರವಣಿಗೆಯ ಕನ್ನಡ ‘ಅನ್ನು’ವನ್ನು ಧಾರಾಳವಾಗಿ ಬಳಸುತ್ತದೆ, ಪತ್ರಿಕೆಗಳಲ್ಲಿ ದೀಪವನ್ನು ಬೆಳಗಿಸುತ್ತಾರೆ, ಸನ್ಮಾನವನ್ನು ಸ್ವೀಕರಿಸುತ್ತಾರೆ. ಅದನ್ನು ನಂಬಿ ನಿಯಮ ಕಟ್ಟಿದರೆ ಕೆಟ್ಟೆವು. ಆಡುಮಾತನ್ನೇ, ಅದೂ ಸಂದರ್ಭ ಹೇಳಿ ಕೇಳಬೇಕು. ಕರ್ಮಪದವನ್ನು ಕ್ರಿಯಾಪದದಿಂದ ದೂರ ಸರಿಸಿ ನೋಡುವ ಪರೀಕ್ಷೆಯೂ ಒಮ್ಮೊಮ್ಮೆ ಮೋಸ ಮಾಡುತ್ತದೆ. ‘ಹೋದ ವಾರ ಅಣ್ಣ ಮೈಸೂರಲ್ಲಿ ಗಂಡು ನೋಡಿದ’ ಸರಿ. ‘ಗಂಡು ಹೋದ ವಾರ ಮೈಸೂರಲ್ಲಿ ಅಣ್ಣ ನೋಡಿದ’ ಎಂದರೆ ದಾರಿ ತಪ್ಪುತ್ತದೆ, ‘ಗಂಡನ್ನ’ ಎಂದು ಸರಿಪಡಿಸಬೇಕು. ಇದು ಜಾಗದ ಪ್ರಭಾವ ಎಂದು ಘೋಷಿಸುವ ಮೊದಲು ಒಂದು ಮಾತು: ‘ಗಂಡನ್ನ’ ಎಂದ ಕೂಡಲೇ ಅದು ಒಬ್ಬ ಗೊತ್ತಾದ ವರ ಆಗಿಬಿಟ್ಟ. ಜಾಗವೂ ಅರ್ಥವೂ ಒಟ್ಟಿಗೆ ಬದಲಾದವು. ಹಾಗಾಗಿ ಈ ಪರೀಕ್ಷೆಯೊಂದರಿಂದಲೇ ತೀರ್ಪು ಕೊಡಲಾಗದು. ಅಕ್ಕಿ ಮತ್ತು ಸೀರೆಯ ಪರೀಕ್ಷೆ ಇದಕ್ಕಿಂತ ನಂಬಿಕಸ್ತ.

ಅಷ್ಟರಲ್ಲಿ ಇನ್ನೊಂದು ವಿಚಿತ್ರ ನಮ್ಮ ಕೈಗೆ ಸಿಕ್ಕಿತು. ಗಂಡು ಮನುಷ್ಯನಲ್ಲವೇ? ಹಾಗಿದ್ದೂ ‘ಮಗಳಿಗೆ ಗಂಡು ಹುಡುಕ್ತಿದೀವಿ’, ‘ಹೆಣ್ಣು ನೋಡೋಕೆ ಹೋಗಿದ್ವಿ’ ಎಂದು ಗುರುತಿಲ್ಲದೆ ಹೇಳುತ್ತೇವೆ. ಇಲ್ಲಿ ನಾಮಪದ ಕ್ರಿಯಾಪದದ ಜೊತೆ ಕೂಡಿಕೊಂಡು ಒಂದು ಕೆಲಸದ ಹೆಸರಾಗಿದೆ. ಹೆಣ್ಣು ನೋಡುವುದು ಎಂದರೆ ಒಂದು ಶಾಸ್ತ್ರ, ನೋಡಿದ್ದು ಒಬ್ಬಳನ್ನೋ ಐವರನ್ನೋ ಎಂದು ಆ ಮಾತು ಹೇಳುವುದಿಲ್ಲ. ಕುರಿ ಕಾಯುವುದು, ಕೋಳಿ ಸಾಕುವುದು, ಮೀನು ಹಿಡಿಯುವುದು ಇದೇ ಸಾಲಿನವು. ವ್ಯಕ್ತಿಯಾಗಿ ಎದುರು ನಿಲ್ಲದ ಜೀವಕ್ಕೆ ಗುರುತಿನ ಹಂಗಿಲ್ಲ.

ಹಳ್ಳಿಮನೆಗಳಲ್ಲಿ ಸಂಜೆ ಇದನ್ನು ಕಿವಿಯಾರೆ ಕೇಳಬಹುದು. ‘ಕತ್ತಲಾಯ್ತು, ಹಸು ಕಟ್ಟು’ ಎನ್ನುವ ಅಜ್ಜಿ, ಆ ಹಸುವನ್ನೇ ಹೆಸರು ಹಿಡಿದು ಹೇಳುವಾಗ ‘ಗೌರಿ ಕಟ್ಟು’ ಎನ್ನುವುದಿಲ್ಲ. ‘ಗೌರೀನ ಕಟ್ಟು’ ಎನ್ನುತ್ತಾಳೆ.