ಹೊರಗೋಡೆಯ ಗಿಲಾವಿಗೆ ಸಾರವೆ: ಪೈಪು ಎಷ್ಟು, ಕ್ಲ್ಯಾಂಪ್ ಎಷ್ಟು?

ನಾವು ಸಾರವೆ ಎನ್ನುವುದನ್ನು ಹೊಸೂರು, ತಾಳವಾಡಿ ಕಡೆಯ ತಮಿಳು ಕೆಲಸಗಾರರು ಸಾರಂ ಎನ್ನುತ್ತಾರೆ, ಸೊಲ್ಲಾಪುರ, ಜತ್ತ ಕಡೆಯ ಮರಾಠಿ ಗವಂಡಿಗಳು ಪರಾಂಚಿ ಎನ್ನುತ್ತಾರೆ. ಹೆಸರು ಯಾವುದಾದರೂ, ಮನೆ ಕಟ್ಟಿಸುವವರಿಗೆ ಬರುವ ತೊಂದರೆ ಒಂದೇ. ಬಾಡಿಗೆ ಅಂಗಡಿಯಲ್ಲಿ ಪೈಪನ್ನು ಎಣಿಸಿ ತರುತ್ತೇವೆ, ಕ್ಲ್ಯಾಂಪನ್ನು ಅಂದಾಜಿನಲ್ಲಿ ತರುತ್ತೇವೆ. ಅರ್ಧ ಕೆಲಸದಲ್ಲಿ ಕ್ಲ್ಯಾಂಪ್ ಮುಗಿದಾಗ ಮೊದಲು ಬಿಟ್ಟುಹೋಗುವುದು ಓರೆ ಪೈಪು, ಇಲ್ಲವೇ ಅದನ್ನು ಹಗ್ಗದಲ್ಲಿ ಕಟ್ಟುತ್ತಾರೆ. ಸಾರವೆ ವಾಲುವುದು ಅಲ್ಲಿಂದಲೇ. ಆದ್ದರಿಂದ ಒಂದು ಗೋಡೆಯನ್ನು ತೆಗೆದುಕೊಂಡು ಲೆಕ್ಕವನ್ನು ಪೂರ್ತಿಯಾಗಿ ಮಾಡೋಣ.

ಗೋಡೆಯ ಉದ್ದ 36 ಅಡಿ. ನೆಲದಿಂದ ಪ್ಯಾರಪೆಟ್ ತುದಿಯವರೆಗೆ ಎತ್ತರ 24 ಅಡಿ: ಪಾಯದ ಕಟ್ಟೆ ಒಂದೂವರೆ, ಎರಡು ಅಂತಸ್ತು ಹತ್ತತ್ತು, ಪ್ಯಾರಪೆಟ್ ಎರಡೂವರೆ. ಪ್ರತಿ ಅಂತಸ್ತಿಗೆ ಎರಡು ಕಿಟಕಿ. ಗೋಡೆಯಲ್ಲಿ ತೂತು ಬಿಟ್ಟು ಪೈಪು ಸಿಕ್ಕಿಸಿದರೆ ಆಮೇಲೆ ಮುಚ್ಚಿದ ತೇಪೆಯಲ್ಲಿ ನೀರು ಇಳಿಯುತ್ತದೆ. ಹಾಗಾಗಿ ಇದು ಗೋಡೆಯ ಮೇಲೆ ಭಾರ ಹಾಕದ, ಎರಡು ಸಾಲು ಕಂಬದ ಸಾರವೆ.

ಗವಂಡಿ ತಾನು ನಿಂತ ಜಾಗದಿಂದ ಆರು ಅಡಿ ಎತ್ತರದವರೆಗೆ ಕರಣೆ ಆಡಿಸಬಲ್ಲ. ಆದ್ದರಿಂದ ಹಲಗೆಯ ಅಟ್ಟ 6, 12 ಮತ್ತು 18 ಅಡಿಯಲ್ಲಿ ಬರಬೇಕು. 18ರ ಅಟ್ಟದ ಮೇಲೆ ನಿಂತರೆ ಪ್ಯಾರಪೆಟ್ ತುದಿ ಸಿಗುತ್ತದೆ. ಹೊರಗಿನ ಗಿಲಾವು ಮೇಲಿನಿಂದ ಕೆಳಗೆ ಬರುವುದರಿಂದ ಒಂದೇ ಸೆಟ್ ಹಲಗೆಯನ್ನು ಇಳಿಸುತ್ತಾ ಬಂದರೆ ಸಾಕು.

ಕಂಬಗಳನ್ನು ಆರು ಅಡಿಗೆ ಒಂದರಂತೆ ನಿಲ್ಲಿಸಿದರೆ ಆರು ಅಂಕಣ, ಏಳು ಜೋಡಿ, ಅಂದರೆ 14 ಕಂಬ. ಒಳಸಾಲು ಗೋಡೆಯಿಂದ ಒಂದು ಅಡಿ ದೂರ, ಹೊರಸಾಲು ಅಲ್ಲಿಂದ ನಾಲ್ಕು ಅಡಿ. ಎಲ್ಲ ಕಂಬಕ್ಕೂ 20 ಅಡಿಯ ಪೈಪೇ ಇರಲಿ. ಆಗ ಭಾರ ಹೊರುವ 18 ಅಡಿಯಲ್ಲಿ ಎಲ್ಲೂ ಜೋಡಣೆ ಬರುವುದಿಲ್ಲ. ಆದರೆ 18ರ ಅಟ್ಟದ ಮೇಲೆ ಮೂರೂವರೆ ಅಡಿ ಎತ್ತರಕ್ಕೆ ತಡೆಪೈಪು ಬೇಕು, 20 ಅಡಿಯ ಕಂಬ ಅಲ್ಲಿಗೆ ಮುಟ್ಟದು. ಹೊರಸಾಲಿನ ಏಳು ಕಂಬಕ್ಕೂ ಒಳಸಾಲಿನ ಎರಡು ಕೊನೆಯ ಕಂಬಕ್ಕೂ 5 ಅಡಿಯ ತುಂಡನ್ನು ಒಂದೂವರೆ ಅಡಿ ಒತ್ತಾಗಿ ಇಟ್ಟು ಎರಡು ಕ್ಲ್ಯಾಂಪಿನಿಂದ ಏರಿಸಬೇಕು. ಇಂಥ ತುಂಡು 9.

ಉದ್ದ ಪೈಪು ಪ್ರತಿ ಅಟ್ಟಕ್ಕೆ ಎರಡು ಸಾಲು. 20 ಅಡಿಯ ಎರಡು ಪೈಪನ್ನು ಎರಡು ಅಡಿ ಒತ್ತಿಟ್ಟರೆ 38 ಅಡಿ ಆಗುತ್ತದೆ, ಎರಡೂ ತುದಿಯಲ್ಲಿ ಒಂದೊಂದು ಅಡಿ ಹೊರಬರುತ್ತದೆ. ಜೋಡಣೆ ನಡುವಿನ ಕಂಬದ ಪಕ್ಕಕ್ಕೇ ಬರುತ್ತದೆ. ಅಂಕಣದ ನಡುವೆ ಜೋಡಿಸಿದರೆ ಅಲ್ಲಿ ಬಗ್ಗುತ್ತದೆ. ಮೂರು ಅಟ್ಟಕ್ಕೆ ಆರು ಸಾಲು, 12 ಪೈಪು.

ಅಡ್ಡ ಪೈಪು 5 ಅಡಿಯದು. ಜೋಡಿಗೊಂದರಂತೆ ಮೂರು ಅಟ್ಟಕ್ಕೆ 21. ಒಂದೂವರೆ ಇಂಚಿನ ಹಲಗೆಗೆ ಆರು ಅಡಿ ಅಂತರ ಹೆಚ್ಚಾಯಿತು, ನಡುವೆ ಇನ್ನೊಂದು ಆಧಾರ ಬೇಕು. ಕೆಲಸ ನಡೆಯುವ ಅಟ್ಟಕ್ಕೆ ಅಂಥವು 6, ಇವು ಹಲಗೆಯ ಜೊತೆಗೇ ಇಳಿಯುತ್ತವೆ.

ತಡೆಪೈಪು ಹೊರಬದಿಗೆ ಎರಡು ಸಾಲು: 20 ಅಡಿಯವು 4. ಎರಡು ತುದಿಗೆ 5 ಅಡಿಯವು 4.

ಈಗ ಓರೆ ಪೈಪು. ಹೊರಮುಖದ ಎರಡೂ ತುದಿಯಲ್ಲಿ 20 ಅಡಿಯ ಒಂದೊಂದು ಪೈಪು ಬುಡದಿಂದ ಹೊರಟು ಎರಡು ಅಂಕಣ ದಾಟಿ 18ರ ಉದ್ದ ಪೈಪಿನ ಸ್ವಲ್ಪ ಕೆಳಗೆ ಮುಗಿಯುತ್ತದೆ, ಮೂರು ಕಂಬಗಳನ್ನು ಹಿಡಿಯುತ್ತದೆ. ಇದು ಸಾರವೆ ಉದ್ದಕ್ಕೆ ವಾಲದಂತೆ ತಡೆಯುತ್ತದೆ. ಒಳ ಹೊರ ಕಂಬಗಳ ನಡುವೆ ಒಂದು ಜೋಡಿ ಬಿಟ್ಟು ಒಂದಕ್ಕೆ, ಅಂದರೆ ನಾಲ್ಕು ಜೋಡಿಗೆ, ಪ್ರತಿ ಅಟ್ಟದ ಕೆಳಗೂ ಒಂದು ಓರೆ: ಒಟ್ಟು 12. ಇದಕ್ಕೆ ಬೇಕಾದ ಉದ್ದ ಏಳೂಕಾಲು ಅಡಿ, ಅಂಗಡಿಯಲ್ಲಿ ಸಿಗುವುದು 10 ಅಡಿಯದಾದರೆ ಹೆಚ್ಚಿನದನ್ನು ಗೋಡೆಯ ಕಡೆಗಲ್ಲ, ಹೊರಗೆ ಬಿಡಿ.

ಕೊನೆಯದು ಕಟ್ಟಡಕ್ಕೆ ಹಿಡಿತ. ನಾಲ್ಕು ಅಡಿ ಅಗಲದ ಸಾರವೆ 20 ಅಡಿ ಎತ್ತರಕ್ಕೆ ತಾನೇ ನಿಲ್ಲಲಾರದು. ನಮ್ಮ ಗೋಡೆಯಲ್ಲಿ 6 ಮತ್ತು 18 ಅಡಿಯ ಉದ್ದ ಪೈಪುಗಳು ಕಿಟಕಿಯ ಬಾಯಿಗೆ ಎದುರಾಗಿ ಬರುತ್ತವೆ. 10 ಅಡಿಯ ಪೈಪನ್ನು ಎರಡೂ ಸಾಲಿನ ಉದ್ದ ಪೈಪಿಗೆ ಬಿಗಿದು ಕಿಟಕಿಯೊಳಗೆ ತೂರಿಸಿ, ಒಳಗೆ ಗೋಡೆಗೆ ಒತ್ತಿ ನಿಲ್ಲುವಂತೆ 5 ಅಡಿಯ ತುಂಡನ್ನು ಅಡ್ಡ ಬಿಗಿಯಬೇಕು. ನಾಲ್ಕು ಕಿಟಕಿ, ನಾಲ್ಕು ಹಿಡಿತ. ಗ್ರಿಲ್ ಕೂರಿಸುವ ಮೊದಲೇ ಹೊರ ಗಿಲಾವು ಮುಗಿಸಿದರೆ ಇದು ಸುಲಭ.

ಪೈಪಿನ ಮೊತ್ತ ಹೀಗೆ ಬರುತ್ತದೆ:

20 ಅಡಿ: ಕಂಬ 14, ಉದ್ದ 12, ತಡೆ 4, ಓರೆ 2. ಒಟ್ಟು 32.
10 ಅಡಿ: ಓರೆ 12, ಹಿಡಿತ 4. ಒಟ್ಟು 16.
5 ಅಡಿ: ಅಡ್ಡ 27, ಕಂಬದ ಏರಿಕೆ 9, ತುದಿಯ ತಡೆ 4, ಹಿಡಿತ 4. ಒಟ್ಟು 44.

ಕ್ಲ್ಯಾಂಪನ್ನು ಪೈಪಿನ ಲೆಕ್ಕದಲ್ಲಿ ಎಣಿಸಬಾರದು, ಪೈಪು ಪೈಪು ಸೇರುವ ಜಾಗವನ್ನು ಎಣಿಸಬೇಕು. ನೇರ ಮೂಲೆಯಲ್ಲಿ ಸೇರುವ ಕಡೆ ಫಿಕ್ಸ್ ಕ್ಲ್ಯಾಂಪ್, ಓರೆಯಾಗಿ ಅಥವಾ ಒತ್ತಾಗಿ ಸೇರುವ ಕಡೆ ತಿರುಗುವ ಸ್ವಿವೆಲ್ ಕ್ಲ್ಯಾಂಪ್.

ಫಿಕ್ಸ್: ಉದ್ದ ಪೈಪು ಕಂಬಕ್ಕೆ 42, ಜೋಡಿಗಳ ಅಡ್ಡ ಪೈಪಿಗೆ 42, ನಡುವಿನ ಅಡ್ಡಕ್ಕೆ 12, ತಡೆಪೈಪಿಗೆ 14, ತುದಿಯ ತಡೆಗೆ 8, ಹಿಡಿತಕ್ಕೆ 12. ಒಟ್ಟು 130.
ಸ್ವಿವೆಲ್: ಉದ್ದ ಪೈಪಿನ ಜೋಡಣೆಗೆ 12, ತಡೆಪೈಪಿನ ಜೋಡಣೆಗೆ 4, ಕಂಬದ ಏರಿಕೆಗೆ 18, ಹೊರಮುಖದ ಓರೆಗೆ 6, ಒಳಗಿನ ಓರೆಗೆ 24. ಒಟ್ಟು 64.

ಒಟ್ಟು 194. ನಟ್ಟು ಜಾರಿದ್ದು, ದಾರ ಸವೆದದ್ದು ಇರುತ್ತವೆ, ಆದ್ದರಿಂದ ಫಿಕ್ಸ್ 140, ಸ್ವಿವೆಲ್ 70 ತನ್ನಿ. ‘ಪೈಪಿಗೆ ಎರಡು’ ಎಂಬ ರೂಢಿಯ ಲೆಕ್ಕದಲ್ಲಿ 92 ಪೈಪಿಗೆ 184 ಬರುತ್ತದೆ. ಸಂಖ್ಯೆ ಹತ್ತಿರವೇ ಇದೆ, ಆದರೆ ಅದರಲ್ಲಿ ಸ್ವಿವೆಲ್ ಎಷ್ಟು ಎಂದು ಅದು ಹೇಳುವುದಿಲ್ಲ. ಅಂಗಡಿಯವರು ಹೆಚ್ಚಿನದೆಲ್ಲ ಫಿಕ್ಸ್ ಕೊಟ್ಟು ಇಪ್ಪತ್ತು ಸ್ವಿವೆಲ್ ಸೇರಿಸಿದರೆ ಎಣಿಕೆ ಸರಿ ಕಾಣುತ್ತದೆ, ಓರೆಗೆ ಮಾತ್ರ ಕ್ಲ್ಯಾಂಪ್ ಇರುವುದಿಲ್ಲ. ಉಳಿದ ಸ್ವಿವೆಲ್ ಇದೆಯೆಂದು ಭಾರ ಹೊರುವ ಉದ್ದ ಪೈಪಿಗೆ ಅದನ್ನು ಹಾಕುವುದೂ ಬೇಡ, ಅದರ ಹಿಡಿತ ಫಿಕ್ಸ್‌ಗಿಂತ ಕಡಿಮೆ.

ಪೈಪಿನ ಒಟ್ಟು ಉದ್ದ 1,020 ಅಡಿ. 3.2 ಮಿಲಿಮೀಟರ್ ದಪ್ಪದ ಪೈಪಾದರೆ ತೂಕ ಸುಮಾರು 1,100 ಕಿಲೋ, ಕ್ಲ್ಯಾಂಪ್ ಬೇರೆ. ಗಾಡಿ ಹೇಳುವಾಗ ಇದು ನೆನಪಿರಲಿ. ಕ್ಲ್ಯಾಂಪ್ 40 ಎನ್‌ಬಿ ಪೈಪಿನದೇ ಇರಬೇಕು, ಅದರ ಹೊರ ವ್ಯಾಸ 48.3 ಮಿಲಿಮೀಟರ್. ಸಣ್ಣ ಪೈಪಿಗೆ ಹಾಕಿದರೆ ಪೂರ್ತಿ ಬಿಗಿದರೂ ಕೈಯಲ್ಲಿ ತಿರುಗುತ್ತದೆ.

ಕಂಬದ ಬುಡಕ್ಕೆ 14 ಬೇಸ್ ಪ್ಲೇಟ್ ಬೇಕು. ಅಕ್ಕಲಕೋಟೆ, ಸೊಲ್ಲಾಪುರದಂಥ ಕರಿಮಣ್ಣಿನ ನೆಲದಲ್ಲಿ ಅದರ ಕೆಳಗೆ ಎರಡು ಕಂಬಕ್ಕೂ ಸೇರಿ ಒಂದು ದಪ್ಪ ಹಲಗೆಯನ್ನೂ ಹಾಕಿ, ಇಲ್ಲದಿದ್ದರೆ ಒಂದು ಮಳೆಗೆ ಒಂದು ಕಂಬ ಮಾತ್ರ ಕುಸಿಯುತ್ತದೆ. ಕುಸಿದದ್ದು ತಿಳಿಯುವುದು ಹೀಗೆ: ಆ ಜಾಗದಲ್ಲಿ ಉದ್ದ ಪೈಪು ತಗ್ಗಿರುತ್ತದೆ, ಪಕ್ಕದ ಕ್ಲ್ಯಾಂಪ್ ಜಾರಿದ ಹೊಸ ಗೀರು ಕಂಬದ ಮೇಲೆ ಕಾಣುತ್ತದೆ.

ಗವಂಡಿ ಹತ್ತುವ ಮೊದಲು 6 ಅಡಿಯ ಅಟ್ಟದಲ್ಲಿ ನಿಂತು ಹೊರಸಾಲಿನ ಕಂಬವನ್ನು ಹಿಡಿದು ಉದ್ದಕ್ಕೂ ಅಡ್ಡಕ್ಕೂ ಅಲುಗಿಸಿ ನೋಡಿ. ಉದ್ದಕ್ಕೆ ತೂಗಿದರೆ ಹೊರಮುಖದ ಓರೆ ಸಡಿಲ, ಗೋಡೆಯ ಕಡೆಗೆ ತೂಗಿದರೆ ಒಳಗಿನ ಓರೆ ಅಥವಾ ಕಿಟಕಿಯ ಹಿಡಿತ ಸಡಿಲ. ಕಿಟಕಿಯ ಅಂಚಿನ ಗಿಲಾವಿಗೆ ಅಡ್ಡವೆಂದು ಹಿಡಿತವನ್ನು ಮೊದಲೇ ಬಿಚ್ಚಲು ಬಿಡಬೇಡಿ. 18ರ ಅಟ್ಟ ಇಳಿದ ಮೇಲೆ ಮೇಲಿನ ಎರಡು, ಕೊನೆಯಲ್ಲಿ ಕೆಳಗಿನ ಎರಡು ಬಿಚ್ಚಿ, ಆ ಅಂಚುಗಳನ್ನು ಆಗ ಮುಗಿಸಿಕೊಳ್ಳಬಹುದು.